ಸರ್‌ಗೆ ಎಲ್‌ಓಆರ್ ಕೇಳೋ ಮೇಲ್, ಕಳ್ಸೋ ಮುಂಚೆ ಒಂದ್ಸಲ ನೋಡಿ ಹೇಳ್ರಪ್ಪ

ಕುಣಿಗಲ್ ಕರೆಂಟು
ಎಲ್ರಿಗೂ ನಮಸ್ಕಾರ. ನಂದು ವಿಟಿಯು, ಇಇಇ, 2022 ಪಾಸ್‌ಔಟ್. ಈಗ ಕೆಲ್ಸದಲ್ಲಿದೀನಿ, ಅಮೆರಿಕದಲ್ಲಿ ಎಂಎಸ್‌ಗೆ ಅಪ್ಲೈ ಮಾಡ್ತಿದೀನಿ. ಮೂರು ಯೂನಿವರ್ಸಿಟಿ ಫಿಕ್ಸ್ ಮಾಡಿದೀನಿ, ಡೆಡ್‌ಲೈನ್ ಡಿಸೆಂಬರ್ 1, ಡಿಸೆಂಬರ್ 15, ಜನವರಿ 15. ಎಲ್ಲಕ್ಕೂ ಮೂರ್ಮೂರು ರೆಕಮಂಡೇಶನ್ ಲೆಟರ್ ಬೇಕು. ಇಬ್ರು ಒಪ್ಕೊಂಡಿದಾರೆ, ಮೂರನೇದಕ್ಕೆ ನಮ್ ಪ್ರಾಜೆಕ್ಟ್ ಗೈಡ್ ಸರ್‌ನ ಕೇಳ್ಬೇಕು. ಇವತ್ತು ನವೆಂಬರ್ 27, ರಾತ್ರಿನೇ ಕಳ್ಸೋಣ ಅಂತಿದೀನಿ. ಮೇಲ್ ಇರೋದು ಇಂಗ್ಲಿಷಲ್ಲಿ, ಇಲ್ಲಿ ಹಂಗೇ ಕನ್ನಡಕ್ಕೆ ಇಳ್ಸಿದೀನಿ, ಟೋನ್ ಸರಿ ಇದ್ಯಾ ಹೇಳಿ:

> ವಿಷಯ: ಅರ್ಜೆಂಟ್ – ಎಲ್‌ಓಆರ್ ಬೇಕು
>
> ರೆಸ್ಪೆಕ್ಟೆಡ್ ಸರ್,
> ನಾನು ನಿಮ್ಮ ಹಳೇ ಸ್ಟೂಡೆಂಟ್. ಅಮೆರಿಕದಲ್ಲಿ ಎಂಎಸ್‌ಗೆ ಅಪ್ಲೈ ಮಾಡುತ್ತಿದ್ದೇನೆ. ನನಗೆ ನಿಮ್ಮಿಂದ ಒಂದು ಸ್ಟ್ರಾಂಗ್ ಎಲ್‌ಓಆರ್ ಬೇಕು. ಡೆಡ್‌ಲೈನ್ ಡಿಸೆಂಬರ್ 1 ಇರುವುದರಿಂದ ನವೆಂಬರ್ 30ರೊಳಗೆ ಅಪ್‌ಲೋಡ್ ಮಾಡಿ. ನಿಮ್ಮ ಮೇಲ್ ಐಡಿಯನ್ನು ಪೋರ್ಟಲ್‌ನಲ್ಲಿ ಈಗಾಗಲೇ ಹಾಕಿದ್ದೇನೆ, ಲಿಂಕ್ ಬರುತ್ತದೆ. ಲೆಟರ್ ನಾನೇ ಬರೆದು ಅಟ್ಯಾಚ್ ಮಾಡಿದ್ದೇನೆ, ಓದಿ ಸೈನ್ ಮಾಡಿದರೆ ಸಾಕು. ನಾನು ತುಂಬಾ ಹಾರ್ಡ್‌ವರ್ಕಿಂಗ್ ಮತ್ತು ಸಿನ್ಸಿಯರ್ ಸ್ಟೂಡೆಂಟ್ ಆಗಿದ್ದೆ ಎಂದು ನಿಮಗೆ ಗೊತ್ತೇ ಇದೆ.
> ಕೈಂಡ್ಲಿ ಡೂ ದ ನೀಡ್‌ಫುಲ್.

ಸೋಮಾರಿ ಸಿದ್ದ
ಸರಿಯಾಗೇ ಇದೆ ಮಗಾ. ಲೆಟರ್ ನೀನೇ ಬರ್ದು ಕೊಟ್ಟಿದ್ದು ಒಳ್ಳೇದೇ ಆಯ್ತು, ಯಾವ ಪ್ರೊಫೆಸರ್‌ಗೂ ಕೂತ್ಕೊಂಡು ಬರಿಯೋಕೆ ಟೈಮ್ ಇರಲ್ಲ, ಎಲ್ರೂ ಡ್ರಾಫ್ಟೇ ಕೇಳೋದು. ಕೊನೇ ಲೈನಲ್ಲಿ ಪ್ಲೀಸ್ ಅಂತ ಸೇರ್ಸು ಅಷ್ಟೆ.

ಮಂಡ್ಯ ಮೇಷ್ಟ್ರು
ಶಿಫಾರಸು ಪತ್ರ ಅಂದ್ರೆ ಈಗ ಆನ್‌ಲೈನಲ್ಲೇ ಆಗುತ್ತಾ? ನಂಗೂ ಬೇಕಾಗಿತ್ತು, ಮುಂದಿನ ಸಲ ವರ್ಗಾವಣೆ ಕೌನ್ಸೆಲಿಂಗ್‌ಗೆ. ನಮ್ಮ ಶಾಸಕರ ಹತ್ರ ಹೋದ್ರೆ ಪಿಎ ಮೂರು ದಿನ ಓಡಾಡಿಸ್ತಾರೆ.

ಸೋಮಾರಿ ಸಿದ್ದ
ಮೇಷ್ಟ್ರೇ ಅದು ಬೇರೆ ಶಿಫಾರಸು 😄

ಲ್ಯಾಬ್ ಮೇಡಂ
ನಾನು ಇಂಜಿನಿಯರಿಂಗ್ ಕಾಲೇಜಲ್ಲೇ ಪಾಠ ಮಾಡೋಳು, ಬ್ರಾಂಚ್ ಬೇರೆ. ವರ್ಷ ವರ್ಷ ಇಂಥ ಮೇಲ್‌ಗಳು ಬರ್ತಾವೆ, ಅದ್ರಿಂದ ಈ ಕಡೆ ಕೂತೋರಿಗೆ ನಿಮ್ ಮೇಲ್ ಹೆಂಗೆ ಕಾಣುತ್ತೆ ಅಂತ ಹೇಳ್ಬಿಡ್ತೀನಿ, ಬೇಜಾರಾಗ್ಬೇಡಿ.

ಮೊದ್ಲನೇದು, ಇದ್ರಲ್ಲಿ ಕೇಳೋದೇ ಇಲ್ವಲ್ಲಾ. ಬರ್ಕೊಡೋಕೆ ಆಗುತ್ತಾ ಸರ್ ಅನ್ನೋ ಒಂದು ವಾಕ್ಯ ಎಲ್ಲೂ ಇಲ್ಲ. ಬೇಕು, ಮಾಡಿ, ಐಡಿ ಹಾಕಿದೀನಿ, ಸೈನ್ ಮಾಡಿದ್ರೆ ಸಾಕು, ಇಷ್ಟೇ. ಸಿದ್ದ ಹೇಳ್ದಂಗೆ ಪ್ಲೀಸ್ ಸೇರ್ಸಿದ್ರೆ ಅದು ಪ್ಲೀಸ್ ಇರೋ ಆರ್ಡರ್ ಆಗುತ್ತೆ. ರೆಸ್ಪೆಕ್ಟೆಡ್ ಸರ್ ಅನ್ನೋದು ಹಳೇ ಕಾಲದ್ದು ಅಂತ ಕೆಲವ್ರು ನಗ್ತಾರೆ, ನಮ್ ಕಡೆ ಅದೇನೂ ತಪ್ಪಲ್ಲ, ಇರ್ಲಿ. ತೊಂದ್ರೆ ಇರೋದು ಅದ್ರ ಕೆಳಗಿನ ಸಾಲುಗಳಲ್ಲಿ. ಒಪ್ಪಿಗೆ ಕೇಳೋ ಮುಂಚೆನೇ ಪೋರ್ಟಲಲ್ಲಿ ಐಡಿ ಹಾಕೋದಂತೂ ಬೇಡವೇ ಬೇಡ. ಗೊತ್ತೇ ಇಲ್ದಿರೋ ಯೂನಿವರ್ಸಿಟಿಯಿಂದ ಒಂದು ಲಿಂಕ್ ಬಂದ್ ಬಿದ್ರೆ ಅರ್ಧ ಜನ ಮೋಸದ ಮೇಲ್ ಅಂತ ಡಿಲೀಟ್ ಮಾಡ್ತಾರೆ, ಇನ್ನರ್ಧ ಜನಕ್ಕೆ ಸಿಟ್ಟು ಬರುತ್ತೆ.

ಎರಡನೇದು, ನೀವು ಯಾರು? ಹೆಸ್ರು ಕೆಳಗಿದೆ ಅಂತಿಟ್ಕೊಳ್ಳೋಣ, ಆದ್ರೂ ಒಂದು ಬ್ಯಾಚಲ್ಲಿ ಅರವತ್ತು ಜನ, ನೀವು ಹೋದ್ಮೇಲೆ ಇನ್ನೆಷ್ಟು ಬ್ಯಾಚ್ ಬಂದ್ ಹೋಗಿದೆ. ಹಳೇ ಸ್ಟೂಡೆಂಟ್ ಅಂದ್ರೆ ಮುಖ ನೆನಪಾಗಲ್ಲ. ಯುಎಸ್‌ಎನ್, ಯಾವ ವರ್ಷ, ಯಾವ ಸೆಮಲ್ಲಿ ಅವ್ರ ಹತ್ರ ಏನು ಓದಿದ್ರಿ, ಪ್ರಾಜೆಕ್ಟ್ ಏನು, ಜೊತೇಲಿ ಯಾರಿದ್ರು. ಜೊತೇಲಿದ್ದೋರ ಹೆಸ್ರು ಹಾಕಿ, ಎಷ್ಟೋ ಸಲ ಗ್ರೂಪಲ್ಲಿ ಒಬ್ಬ ನೆನಪಾದ್ರೆ ಉಳ್ದೋರೂ ನೆನಪಾಗ್ತಾರೆ.

ಟೈಮ್ ವಿಷ್ಯಕ್ಕೆ ಆಮೇಲೆ ಬರ್ತೀನಿ, ಕ್ಲಾಸ್ ಇದೆ ಈಗ.

ಕುಣಿಗಲ್ ಕರೆಂಟು
ಥ್ಯಾಂಕ್ಸ್ ಮೇಡಂ. ಪೋರ್ಟಲಲ್ಲಿ ಐಡಿ ಟೈಪ್ ಮಾಡಿದೀನಿ, ಆದ್ರೆ ಸೇವ್ ಮಾಡಿಲ್ಲ, ಹಂಗೇ ಬಿಟ್ಟಿದೀನಿ. ಮೇಲಲ್ಲಿ ಮಾತ್ರ ಹಾಕಿದೀನಿ ಅಂತ ಬರ್ದಿದ್ದೆ.

ಮೈಸೂರಿಂದ ಮಿಶಿಗನ್
ಹಂಗೇ ಬಿಡು, ಸೇವ್ ಒತ್ಬೇಡ. ಕೆಲವು ಪೋರ್ಟಲಲ್ಲಿ ಸೇವ್ ಮಾಡಿದ ತಕ್ಷಣ ಲಿಂಕ್ ಹೋಗ್ಬಿಡುತ್ತೆ, ಇನ್ನು ಕೆಲವ್ರದ್ದು ನೀನು ಅಪ್ಲಿಕೇಶನ್ ಸಬ್ಮಿಟ್ ಮಾಡಿ ಫೀಸ್ ಕಟ್ಟಿದ್ಮೇಲೇ ಹೋಗೋದು. ಇದನ್ನ ಮೂರೂ ಕಡೆ ಈಗ್ಲೇ ಚೆಕ್ ಮಾಡ್ಕೋ, ಯಾಕಂದ್ರೆ ಎರಡನೇ ಥರದ್ದಾದ್ರೆ ನೀನು ಡೆಡ್‌ಲೈನ್ ರಾತ್ರಿ ಸಬ್ಮಿಟ್ ಮಾಡಿ ಸರ್‌ಗೆ ಬರಿಯೋಕೆ ಒಂದು ನಿಮಿಷನೂ ಇರಲ್ಲ, ಅವ್ರು ಎಷ್ಟೇ ಒಳ್ಳೆಯವ್ರಾಗಿದ್ರೂ.

ಇನ್ನೊಂದು, ನೀನು "ಒಂದು ಎಲ್‌ಓಆರ್" ಅಂತ ಬರ್ದಿದೀಯ. ಸರ್‌ಗೆ ಬರೋದು ಮೂರು ಲಿಂಕು. ಲೆಟರ್ ಅದೇ ಇರ್ಬೋದು, ಆದ್ರೆ ಪ್ರತಿ ಕಡೆ ಒಂದೊಂದು ಫಾರ್ಮ್ ಇರುತ್ತೆ, ಈ ಹುಡುಗನ್ನ ಎಷ್ಟು ವರ್ಷದಿಂದ ಗೊತ್ತು, ಕ್ಲಾಸಲ್ಲಿ ಮೇಲಿನ ಶೇಕಡಾ 5ರಲ್ಲಿದಾನಾ 10ರಲ್ಲಿದಾನಾ ಅಂತೆಲ್ಲ ಟಿಕ್ ಮಾಡ್ಬೇಕು. ಮೂರು ಸಲ ಕೂರ್ಬೇಕು ಅಂತ ಮೊದ್ಲೇ ಹೇಳ್ಬಿಡು. ಒಂದು ಅಂದ್ಕೊಂಡು ಒಪ್ಕೊಂಡೋರಿಗೆ ಜನವರಿಲಿ ಮೂರನೇ ಲಿಂಕ್ ಬಂದಾಗ ಮುಖ ಹೆಂಗಿರುತ್ತೆ ಯೋಚ್ನೆ ಮಾಡು.

ಧಾರವಾಡ ಪೇಟೆ
ನನ್ನ ಕೇಸ್ ಬ್ಯಾರೆ ಐತ್ರಿ, ಇಲ್ಲೇ ಕೇಳ್ತೀನಿ. ನಮ್ ಸರ್ ಹ್ವಾದ ವರ್ಷ ರಿಟೈರ್ ಆಗ್ಯಾರ, ಕಾಲೇಜಿನ ಮೇಲ್ ಐಡಿ ಬಂದ್ ಆಗೈತಿ. ಪೋರ್ಟಲ್ ನೋಡಿದ್ರ ಆಫಿಶಿಯಲ್ ಐಡಿನ ಹಾಕ್ರಿ ಅಂತೈತಿ. ಜಿಮೇಲ್ ಹಾಕಿದ್ರ ರಿಜೆಕ್ಟ್ ಮಾಡ್ತಾರೇನ್ರಿ? ನಮ್ ಕನ್ಸಲ್ಟೆನ್ಸಿಯವ್ರು ಸರ್ ಹೆಸರ್ಲೆ ಒಂದು ಐಡಿ ನಾವ ಮಾಡಿ ನಾವ ಅಪ್‌ಲೋಡ್ ಮಾಡೂನು ಅಂತಾರ.

ಲ್ಯಾಬ್ ಮೇಡಂ
ಆ ಕನ್ಸಲ್ಟೆನ್ಸಿ ಬಿಟ್ಬಿಡಿ ಮೊದ್ಲು. ಅದು ಫೋರ್ಜರಿ. ಸಿಕ್ಕಾಕೊಂಡ್ರೆ ಅಡ್ಮಿಶನ್ ಆದ್ಮೇಲೂ ತೆಗ್ದು ಹಾಕ್ತಾರೆ.

ಮೈಸೂರಿಂದ ಮಿಶಿಗನ್
ಧಾರವಾಡದವ್ರೇ, ಜಿಮೇಲ್ ಹಾಕಿದ ತಕ್ಷಣ ರಿಜೆಕ್ಟ್ ಆಗುತ್ತೆ ಅಂತೇನಿಲ್ಲ, ಆದ್ರೆ ಅನುಮಾನ ಬರ್ಬೋದು, ವೆರಿಫೈ ಮಾಡೋಕೆ ಕೇಳ್ಬೋದು. ಆ ಡಿಪಾರ್ಟ್‌ಮೆಂಟಿನ ಅಡ್ಮಿಶನ್ ಆಫೀಸಿಗೆ ಎರಡು ಲೈನ್ ಮೇಲ್ ಹಾಕಿ, ನಮ್ಮ ಪ್ರೊಫೆಸರ್ ನಿವೃತ್ತರಾಗಿದಾರೆ, ಸಂಸ್ಥೆಯ ಐಡಿ ಇಲ್ಲ, ಸ್ವಂತ ಐಡಿ ಕೊಡಬಹುದಾ ಅಂತ. ಉತ್ರ ಬಂದ್ರೆ ಇಟ್ಕೊಳ್ಳಿ. ಲೆಟರಲ್ಲೂ ಸರ್ ತಾವು ಯಾವ ವರ್ಷದವರೆಗೆ ಯಾವ ಕಾಲೇಜಲ್ಲಿ ಏನಾಗಿದ್ರು ಅಂತ ಬರೀಲಿ.

ಕರೆಂಟು ನಿಂಗೆ ಇದ್ರದ್ದೇ ಉಲ್ಟಾ ಸಮಸ್ಯೆ ಬರ್ಬೋದು. ಸರ್‌ಗೆ ಕಾಲೇಜ್ ಐಡಿ ಇರುತ್ತೆ ಆದ್ರೆ ಅವ್ರು ಅದನ್ನ ತೆಗ್ಯೋದೇ ಇಲ್ಲ, ಎಲ್ಲಾ ವಾಟ್ಸಾಪಲ್ಲೇ. ಲಿಂಕ್ ಅಲ್ಲಿ ಹೋಗಿ ಕೂತಿರುತ್ತೆ. ಯಾವ ಐಡಿ ಕೊಡ್ಲಿ ಸರ್ ಅಂತ ಮೇಲಲ್ಲೇ ಕೇಳು.

ಸೋಮಾರಿ ಸಿದ್ದ
ಪೋರ್ಟಲಲ್ಲಿ ಲೆಟರ್ ನೋಡೋ ಹಕ್ಕು ಬಿಟ್ಕೊಡ್ತೀರಾ ಅಂತ ಒಂದು ಬಾಕ್ಸ್ ಬರುತ್ತೆ, ಅದಕ್ಕೆ ಇಲ್ಲ ಅಂತ ಹಾಕು. ಕಾನೂನು ಪ್ರಕಾರ ನೋಡೋ ಹಕ್ಕಿದೆ, ಯಾಕ್ ಬಿಡ್ಬೇಕು. ಸರ್ ಏನ್ ಬರ್ದಿದಾರೆ ಅಂತ ಗೊತ್ತಾಗ್ಬೇಕಲ್ವಾ.

ಮೈಸೂರಿಂದ ಮಿಶಿಗನ್
ಕಾನೂನು ಇರೋದು ನಿಜ ಸಿದ್ದ, ಫರ್ಪಾ ಅಂತ, 1974ರದ್ದು. ಆದ್ರೆ ಆ ಹಕ್ಕು ಬರೋದು ನೀನು ಅಲ್ಲಿ ಸೇರಿ ಸ್ಟೂಡೆಂಟ್ ಆದ್ಮೇಲೆ. ಸೀಟು ಸಿಗ್ದೆ ಇದ್ರೆ ನೋಡೋಕಾಗಲ್ಲ, ಸಿಕ್ಕಿದ್ಮೇಲೆ ನೋಡಿ ಏನ್ ಮಾಡ್ತೀಯ? ಹಕ್ಕು ಬಿಟ್ಕೊಟ್ಟಿಲ್ಲ ಅಂದ್ರೆ ಅದು ಬರಿಯೋರಿಗೂ ಗೊತ್ತಾಗುತ್ತೆ ಓದೋರಿಗೂ ಗೊತ್ತಾಗುತ್ತೆ, ಹುಡುಗ ನೋಡ್ತಾನೆ ಅಂತ ಸರ್ ಮುಲಾಜಿಗೆ ಹೊಗಳಿದಾರೆ ಅಂದ್ಕೊಳ್ಳೋ ಚಾನ್ಸ್ ಇದೆ. ನಾನಂತೂ ಬಿಟ್ಕೊಟ್ಟಿದ್ದೆ.

ಲ್ಯಾಬ್ ಮೇಡಂ
ಈಗ ಟೈಮ್. ನವೆಂಬರ್ 27ರ ರಾತ್ರಿ ಕೇಳಿ 30ಕ್ಕೆ ಕೊಡಿ ಅನ್ನೋದು ಆಗದ ಮಾತು. ಸೆಮಿಸ್ಟರ್ ಕೊನೆ ಬಂತು ಅಂದ್ರೆ ಐಎ ಮಾರ್ಕ್ಸ್ ಎಂಟ್ರಿ, ಲ್ಯಾಬ್ ಎಕ್ಸಾಮ್‌ಗೆ ಬೇರೆ ಕಾಲೇಜಿಗೆ ಎಕ್ಸ್‌ಟರ್ನಲ್ ಆಗಿ ಹೋಗೋದು, ಆಮೇಲೆ ವ್ಯಾಲ್ಯುಯೇಶನ್, ಮಧ್ಯೆ ನ್ಯಾಕ್ ಫೈಲ್ ಬೇರೆ. ಮೂರು ವಾರ ಕೊಟ್ರೆ ನಾನು ಒಂದು ಭಾನುವಾರ ಕೂತು ಸರಿಯಾಗಿ ಬರೀತೀನಿ. ಮೂರು ದಿನ ಕೊಟ್ರೆ ಹೋದ್ ವರ್ಷ ಇನ್ನೊಬ್ಬನಿಗೆ ಬರ್ದಿದ್ದನ್ನೇ ಹೆಸ್ರು ಬದ್ಲಾಯ್ಸಿ ಹಾಕೋ ಆಸೆ ಯಾರಿಗಾದ್ರೂ ಬರುತ್ತೆ.

ಅದ್ರಿಂದ ಡಿಸೆಂಬರ್ 1ರದ್ದಕ್ಕೆ ಈ ಸರ್‌ನ ಕೇಳ್ಲೇಬೇಡಿ. ಅಲ್ಲಿಗೆ ನಿಮ್ ಮ್ಯಾನೇಜರ್ರೋ ಹೆಚ್ಓಡಿನೋ ಬೇರೆ ಯಾರಾದ್ರೂ ಬೇಗ ಕೊಡೋರಿದ್ರೆ ನೋಡಿ. ಉಳಿದ ಎರಡಕ್ಕೆ ಕೇಳಿ. 15ನೇ ತಾರೀಕಿಂದಕ್ಕೆ ಹದಿನೆಂಟು ದಿನ ಇದೆ, ಬಿಗಿ, ಆದ್ರೆ ನ್ಯಾಯ. ಮೇಲಲ್ಲಿ 12 ಅಂತ ಹಾಕಿ, ಆದ್ರೆ ನಿಜವಾದ ಡೆಡ್‌ಲೈನ್ 15 ಅಂತನೂ ಹೇಳಿ. ಸುಳ್ಳು ಡೆಡ್‌ಲೈನ್ ಕೊಡ್ಬೇಡಿ, ನಾವೂ ಲಿಂಕಲ್ಲಿ ನೋಡ್ತೀವಿ, ತಾರೀಕು ಅಲ್ಲೇ ಇರುತ್ತೆ.

ಮೈಸೂರಿಂದ ಮಿಶಿಗನ್
ಡಿಸೆಂಬರ್ 1ರದ್ದನ್ನ ಪೂರ್ತಿ ಕೈಬಿಡೋ ಮುಂಚೆ ಅವ್ರ ವೆಬ್‌ಸೈಟಲ್ಲಿ ನೋಡು, ಕೆಲವು ಕಡೆ ಅಪ್ಲಿಕೇಶನ್ ಮಾತ್ರ 1ನೇ ತಾರೀಕಿಗೆ ಸಬ್ಮಿಟ್ ಆಗಿದ್ರೆ ಲೆಟರ್ ಸ್ವಲ್ಪ ದಿನ ತಡವಾಗಿ ಬಂದ್ರೂ ತಗೋತಾರೆ, ಕೆಲವು ಕಡೆ ಕಟ್ಟುನಿಟ್ಟು. ಬರ್ದಿಲ್ಲ ಅಂದ್ರೆ ಆಫೀಸಿಗೆ ಕೇಳು, ಊಹೆ ಮಾಡ್ಬೇಡ.

ಮತ್ತೆ ತಾರೀಕು ಅಂದ್ರೆ ಅವ್ರ ತಾರೀಕು. ರಾತ್ರಿ 11:59 ಈಸ್ಟರ್ನ್ ಟೈಮ್ ಅಂತಿದ್ರೆ ಡಿಸೆಂಬರಲ್ಲಿ ನಮಗದು ಮಾರನೇ ದಿನ ಬೆಳಿಗ್ಗೆ 10:29. ಪೆಸಿಫಿಕ್ ಆದ್ರೆ ಮಧ್ಯಾಹ್ನ 1:29. ಇದನ್ನ ಸರ್‌ಗೆ ಹೇಳ್ಬೇಡ, ಅವ್ರಿಗೆ ನಮ್ ತಾರೀಕೇ ಕೊಡು, ಇದು ಕೊನೇ ಗಳಿಗೇಲಿ ನಿನ್ ಎದೆ ಒಡೀದೇ ಇರ್ಲಿ ಅಂತ.

ಸೋಮಾರಿ ಸಿದ್ದ
ಎಲ್ಲಾ ಸರಿ ಮೇಡಂ, ಆದ್ರೆ ಡ್ರಾಫ್ಟ್ ವಿಷ್ಯ? ನಮ್ ಬ್ಯಾಚಲ್ಲಿ ಎಲ್ರಿಗೂ ಸರ್‌ಗಳೇ ಹೇಳಿದ್ದು ನೀನೇ ಬರ್ಕೊಂಡ್ ಬಾ ಅಂತ.

ಲ್ಯಾಬ್ ಮೇಡಂ
ಕೇಳ್ತಾರೆ, ಸುಳ್ಳಲ್ಲ. ಅವ್ರಾಗೇ ಕೇಳಿದ್ರೆ ಕೊಡೋದು ಬೇರೆ, ಕೇಳ್ದೇನೇ ಮೊದ್ಲ ಮೇಲಲ್ಲೇ ಲಗತ್ತಿಸಿ ಸೈನ್ ಮಾಡಿದ್ರೆ ಸಾಕು ಅನ್ನೋದು ಬೇರೆ. ಎರಡನೇದು ನೀವು ಬರಿಯೋದೇ ಬೇಡ, ಹೆಸ್ರು ಕೊಡಿ ಅಂದಂಗೆ. ಮತ್ತೆ ಹುಡುಗ್ರು ಮೂರು ಲೆಟರೂ ತಾವೇ ಬರ್ದಾಗ ಮೂರೂ ಒಂದೇ ಥರ ಇರುತ್ತೆ, ಮೂರು ಜನ ಪ್ರೊಫೆಸರ್‌ಗಳಿಗೂ ಒಂದೇ ವಿಶೇಷಣ ಹೊಳೆಯುತ್ತಾ? ಓದೋರಿಗೆ ಗೊತ್ತಾಗುತ್ತೆ. ನಾನು ಡ್ರಾಫ್ಟ್ ತಗೊಳ್ಳಲ್ಲ. ಪಾಯಿಂಟ್ಸ್ ಕೇಳ್ತೀನಿ, ಏನ್ ಮಾಡಿದೆ, ಎಲ್ಲಿ ಕೈಕೊಡ್ತು, ಹೆಂಗೆ ಸರಿಮಾಡಿದೆ ಅಂತ.

ಕರೆಂಟು, ನಿಮ್ಮ ಪ್ರಾಜೆಕ್ಟ್ ಏನಾಗಿತ್ತು? ಹಾರ್ಡ್‌ವರ್ಕಿಂಗ್ ಅಂತೆಲ್ಲ ಬಿಡಿ, ಕತೆ ಹೇಳಿ.

ಕುಣಿಗಲ್ ಕರೆಂಟು
ಬೋರ್‌ವೆಲ್ ಮೋಟ್ರು ನೀರಿಲ್ದೆ ಓಡ್ತಿದ್ರೆ ತಾನೇ ಆಫ್ ಆಗೋ ಕಂಟ್ರೋಲರ್ ಮೇಡಂ. ನಾಲ್ಕು ಜನ ಇದ್ವಿ. ನೀರು ನಿಂತ್ರೆ ಲೋಡ್ ಕಮ್ಮಿಯಾಗಿ ಕರೆಂಟ್ ಇಳಿಯುತ್ತಲ್ಲ, ಅದನ್ನ ಸೆನ್ಸ್ ಮಾಡಿ ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ಟ್ರಿಪ್ ಮಾಡೋದು. ಲ್ಯಾಬಲ್ಲಿ ಚೆನ್ನಾಗಿತ್ತು. ನಮ್ ತೋಟದ ಮೋಟ್ರಿಗೆ ಹಾಕಿದಾಗ ನೀರಿದ್ರೂ ಆಫ್ ಆಗೋದು, ಯಾಕಂದ್ರೆ ಹಳ್ಳೀಲಿ ವೋಲ್ಟೇಜ್ ಒಂದ್ಸಮ ಇರಲ್ಲ, ಅದ್ರ ಜೊತೆ ಕರೆಂಟೂ ಏರಿಳಿಯುತ್ತೆ. ಆಮೇಲೆ ನಾನು ಒಂದು ವಾರ ಬೇರೆ ಬೇರೆ ಹೊತ್ತಲ್ಲಿ ರೀಡಿಂಗ್ ತಗೊಂಡು ಬಂದು ಸರ್‌ಗೆ ತೋರ್ಸಿದೆ, ಕರೆಂಟ್ ಒಂದನ್ನೇ ನೋಡಿದ್ರೆ ಆಗಲ್ಲ, ಪವರ್ ಫ್ಯಾಕ್ಟರೂ ಸೇರ್ಸಿ ನೋಡೋಣ ಅಂತ, ನೀರು ನಿಂತಾಗ ಅದು ಇನ್ನೂ ಎದ್ದು ಕಾಣೋ ಥರ ಬೀಳುತ್ತೆ. ಸರ್ ಮೊದ್ಲು ರಿವ್ಯೂ ಹತ್ರ ಬಂತು, ಈಗ್ಯಾಕೆ ಬದ್ಲಾಯಿಸ್ತೀರ ಅಂದ್ರು, ರೀಡಿಂಗ್ ನೋಡಿ ಒಪ್ಕೊಂಡ್ರು. ಆ ಕೋಡ್ ನಾನೇ ಬರ್ದಿದ್ದು. ಆಮೇಲೆ ಸುಮ್ನೆ ಟ್ರಿಪ್ ಆಗೋದು ನಿಲ್ತು.

ಲ್ಯಾಬ್ ಮೇಡಂ
ನೋಡಿ! ಇಷ್ಟು ಚೆನ್ನಾಗಿರೋದನ್ನ ಒಳಗಿಟ್ಕೊಂಡು ಹಾರ್ಡ್‌ವರ್ಕಿಂಗ್ ಸಿನ್ಸಿಯರ್ ಅಂತ ಬರ್ದಿದೀರಲ್ಲ. ಲೆಟರ್ ಅಂದ್ರೆ ಇದೇ. ಇದನ್ನ ನಾಲ್ಕು ವಾಕ್ಯದಲ್ಲಿ ಮೇಲಲ್ಲಿ ಹಾಕಿ, ನಾಲ್ಕು ಜನದಲ್ಲಿ ನಿಮ್ಮ ಪಾಲು ಯಾವ್ದು ಅಂತ ಸ್ಪಷ್ಟವಾಗಿ. ಈಗ್ಯಾಕೆ ಬದ್ಲಾಯಿಸ್ತೀರ ಅಂದಿದ್ದು ಸರ್‌ಗೂ ನೆನಪಾಗುತ್ತೆ.

ಧಾರವಾಡ ಪೇಟೆ
ಮೇಲ್ ಯಾಕ್ರಿ ಮೊದ್ಲ, ಕಾಲೇಜಿಗೇ ಹೋಗಿ ನಿಂತ್ರ ಆತು. ನಮ್ ಕಡೆ ಮೇಲ್ ಹಾಕಿದ್ರ ಸೊಕ್ಕು ಅಂತಾರ.

ಲ್ಯಾಬ್ ಮೇಡಂ
ನಂಗೆ ಮೇಲೇ ಇಷ್ಟ, ಓದಿ ಯೋಚ್ನೆ ಮಾಡಿ ಇಲ್ಲ ಅನ್ನೋಕೆ ಜಾಗ ಇರುತ್ತೆ. ಎದ್ರಿಗೆ ಬಂದ್ ನಿಂತ್ರೆ ಮುಖ ನೋಡಿ ಹೂಂ ಅಂದ್ಬಿಡ್ತೀವಿ, ಆಮೇಲೆ ಬರಿಯೋಕೆ ಮನಸ್ಸಿರಲ್ಲ.

ಮೈಸೂರಿಂದ ಮಿಶಿಗನ್
ನಮ್ ಸರ್ ಒಬ್ರು ಫೋನ್ ಮಾಡ್ದೆ ಮೇಲ್ ಹಾಕಿದ್ರೆ ಉತ್ರನೇ ಕೊಡ್ತಿರ್ಲಿಲ್ಲ. ಸರ್ ನೋಡ್ಕೊಂಡು ಮಾಡ್ಬೇಕು.

ಕುಣಿಗಲ್ ಕರೆಂಟು
ಹೊಸದಾಗಿ ಬರ್ದೆ, ನೋಡಿ. ಹೆಸ್ರು, ಯುಎಸ್‌ಎನ್ ತೆಗ್ದಿದೀನಿ ಇಲ್ಲಿ:

> ವಿಷಯ: ಎಂಎಸ್ ಅರ್ಜಿಗೆ ರೆಕಮಂಡೇಶನ್ ಲೆಟರ್ ಕೋರಿ – ಇಇಇ 2022 ಬ್ಯಾಚ್, ಬೋರ್‌ವೆಲ್ ಪ್ರಾಜೆಕ್ಟ್
>
> ನಮಸ್ಕಾರ ಸರ್,
> ನಾನು 2022ರ ಇಇಇ ಬ್ಯಾಚಿನವನು. ಐದನೇ ಸೆಮಿಸ್ಟರ್‌ನಲ್ಲಿ ತಮ್ಮಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಓದಿದ್ದೆ, ಕೊನೆಯ ವರ್ಷದ ಬೋರ್‌ವೆಲ್ ಡ್ರೈ ರನ್ ಪ್ರಾಜೆಕ್ಟಿಗೆ ತಾವೇ ಗೈಡ್ ಆಗಿದ್ದಿರಿ. ತಂಡದ ಉಳಿದ ಮೂವರ ಹೆಸರು ಕೆಳಗಿದೆ.
>
> ಮುಂದಿನ ವರ್ಷ ಅಮೆರಿಕದಲ್ಲಿ ಪವರ್ ಸಿಸ್ಟಮ್ಸ್‌ನಲ್ಲಿ ಎಂಎಸ್ ಮಾಡಬೇಕೆಂದು ಎರಡು ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಪ್ರಾಜೆಕ್ಟ್ ಕೆಲಸವನ್ನು ಹತ್ತಿರದಿಂದ ನೋಡಿದವರು ತಾವು. ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯದಿಂದ ಬರೆಯಬಹುದು ಎಂದು ತಮಗೆ ಅನ್ನಿಸಿದರೆ ರೆಕಮಂಡೇಶನ್ ಲೆಟರ್ ಕೊಡಲು ಸಾಧ್ಯವೇ ಸರ್? ಒಂದರ ಡೆಡ್‌ಲೈನ್ ಡಿಸೆಂಬರ್ 15, ಇನ್ನೊಂದರದು ಜನವರಿ 15. ಮೊದಲನೆಯದಕ್ಕೆ ಸಮಯ ಕಡಿಮೆ ಎಂದು ಗೊತ್ತಿದೆ. 12ರೊಳಗೆ ಆದರೆ ಅನುಕೂಲ, ಅದು ಕಷ್ಟವಾದರೆ ಜನವರಿಯದೊಂದೇ ಆದರೂ ಸಾಕು. ಎರಡಕ್ಕೂ ಪ್ರತ್ಯೇಕ ಲಿಂಕ್ ಬರುತ್ತದೆ, ಪ್ರತಿಯೊಂದರಲ್ಲೂ ಚಿಕ್ಕ ಫಾರ್ಮ್ ಇದೆ. ತಾವು ಒಪ್ಪಿದ ಮೇಲೆಯೇ ಲಿಂಕ್ ಕಳಿಸುತ್ತೇನೆ. ಯಾವ ಮೇಲ್ ಐಡಿ ಕೊಡಲಿ?
>
> ತಮ್ಮ ನೆನಪಿಗೆಂದು: ಮೊದಲು ಕರೆಂಟ್ ಮಾತ್ರ ನೋಡಿ ಟ್ರಿಪ್ ಮಾಡುತ್ತಿದ್ದೆವು, ವೋಲ್ಟೇಜ್ ಏರಿಳಿತದಿಂದ ನೀರಿದ್ದರೂ ಆಫ್ ಆಗುತ್ತಿತ್ತು. ತೋಟದಲ್ಲಿ ಒಂದು ವಾರ ರೀಡಿಂಗ್ ತೆಗೆದು ಪವರ್ ಫ್ಯಾಕ್ಟರನ್ನೂ ಸೇರಿಸೋಣ ಎಂದು ನಾನು ತಮಗೆ ತೋರಿಸಿದ್ದೆ. ಆ ಭಾಗದ ಕೋಡ್ ನಾನು ಬರೆದದ್ದು.
>
> ಮಾರ್ಕ್ಸ್ ಕಾರ್ಡ್, ಸಿವಿ, ಪ್ರಾಜೆಕ್ಟ್ ರಿಪೋರ್ಟ್ ಲಗತ್ತಿಸಿದ್ದೇನೆ. ಬೇರೆ ಏನಾದರೂ ಬೇಕಿದ್ದರೆ ತಿಳಿಸಿ. ಈ ಸಲ ಆಗುವುದಿಲ್ಲ ಎಂದರೂ ಖಂಡಿತ ಅರ್ಥ ಮಾಡಿಕೊಳ್ಳುತ್ತೇನೆ.

ಸೋಮಾರಿ ಸಿದ್ದ
ಉದ್ದ ಆಯ್ತು ಗುರು, ಯಾರ್ ಓದ್ತಾರೆ. ಮತ್ತೆ ಆಗಲ್ಲ ಅಂದ್ರೂ ಪರ್ವಾಗಿಲ್ಲ ಅಂತ ನೀನೇ ದಾರಿ ತೋರ್ಸಿದ್ರೆ ಅವ್ರು ಆಗಲ್ಲ ಅಂತಲೇ ಹೇಳೋದು.

ಲ್ಯಾಬ್ ಮೇಡಂ
ಹೇಳ್ಲಿ ಬಿಡಿ. ಮನಸ್ಸಿಲ್ದೆ ಬರ್ದ ಅರ್ಧ ಪುಟದ ಲೆಟರಿಗಿಂತ ಈಗ್ಲೇ ಇಲ್ಲ ಅನ್ಸಿಕೊಂಡ್ರೆ ಬೇರೆಯೋರನ್ನ ಹುಡುಕೋಕೆ ಟೈಮ್ ಸಿಗುತ್ತೆ. ಒಳ್ಳೆಯ ಅಭಿಪ್ರಾಯದಿಂದ ಬರೆಯಬಹುದು ಅನ್ನಿಸಿದರೆ ಅಂತ ಹಾಕಿದೀರಲ್ಲ, ಸ್ಟ್ರಾಂಗ್ ಎಲ್‌ಓಆರ್ ಬೇಕು ಅನ್ನೋದ್ರ ಬದ್ಲು ಅದು ತುಂಬಾ ಸರಿ.

ಉದ್ದ ಅನ್ನೋದು ಸ್ವಲ್ಪ ನಿಜ. ಎರಡನೇ ಪ್ಯಾರಾನ ಎರಡು ಮಾಡಿ, ಕೇಳೋದು ಒಂದ್ರಲ್ಲಿ, ತಾರೀಕು ಲಿಂಕು ಇನ್ನೊಂದ್ರಲ್ಲಿ, ಫೋನಲ್ಲಿ ಓದೋರಿಗೆ ತಾರೀಕು ಕಣ್ಣಿಗೆ ಬೀಳ್ಬೇಕು. ಯೂನಿವರ್ಸಿಟಿ ಹೆಸ್ರು ಹಾಕಿ, ಇಲ್ಲಿ ತೆಗ್ದಿದೀರೇನೋ. ಯಾಕೆ ಎಂಎಸ್ ಅಂತ ನೀವು ಬರಿಯೋ ಎಸ್ಓಪಿ ಕಚ್ಚಾ ಆದ್ರೂ ಲಗತ್ತಿಸಿ, ನೀವು ಪವರ್ ಸಿಸ್ಟಮ್ಸ್ ಅಂತ ಬರ್ದು ಸರ್ ಇನ್ನೇನೋ ಬರ್ದ್ರೆ ಹೊಂದಲ್ಲ. ರಿಪೋರ್ಟ್ ಪಿಡಿಎಫ್ ದೊಡ್ಡದಿದ್ರೆ ಬರೀ ಲಿಂಕ್ ಕೊಡಿ.

ಕುಣಿಗಲ್ ಕರೆಂಟು
ಎಸ್ಓಪಿ ಇನ್ನೂ ಅರ್ಧ ಆಗಿದೆ ಮೇಡಂ 😬 ಒಪ್ಕೊಂಡ್ರೆ ಒಂದು ವಾರದಲ್ಲಿ ಕಳಿಸ್ತೀನಿ ಅಂತ ಬರೀತೀನಿ. ಉತ್ರ ಬರ್ದೇ ಇದ್ರೆ ಎಷ್ಟ್ ದಿನ ಕಾಯ್ಲಿ?

ಲ್ಯಾಬ್ ಮೇಡಂ
ನಾಲ್ಕು ದಿನ ನೋಡಿ, ಆಮೇಲೆ ಒಂದು ಫೋನೋ ವಾಟ್ಸಾಪೋ. ಒಪ್ಕೊಂಡ್ಮೇಲೆ ಡೆಡ್‌ಲೈನಿಗೆ ಒಂದು ವಾರ ಇದ್ದಾಗ ಒಂದು ನೆನಪು, ಎರಡು ದಿನ ಇದ್ದಾಗ ಇನ್ನೊಂದು. ಪೋರ್ಟಲಲ್ಲಿ ರಿಮೈಂಡರ್ ಬಟನ್ ಇರುತ್ತೆ, ಅದನ್ನ ದಿನಾ ಒತ್ಬೇಡಿ, ಒತ್ತಿದಷ್ಟು ಸಲನೂ ನಮಗೆ ಮೇಲ್ ಬರುತ್ತೆ.

ಕುಣಿಗಲ್ ಕರೆಂಟು
ಅಪ್‌ಡೇಟ್: 28ರ ಬೆಳಿಗ್ಗೆ ಕಳ್ಸಿದ್ದೆ, ಇವತ್ತು ಮಧ್ಯಾಹ್ನ ಸರ್ ಫೋನೇ ಮಾಡಿದ್ರು. ಬೋರ್‌ವೆಲ್ ನೆನಪಿದೆ ಅಂದ್ರು, ಆ ಕಂಟ್ರೋಲರ್ ಈಗ್ಲೂ ನಡೀತಿದ್ಯಾ ಅಂತ ಕೇಳಿದ್ರು. ಎರಡಕ್ಕೂ ಕೊಡ್ತೀನಿ, ಆದ್ರೆ 9ರವರೆಗೆ ಎಕ್ಸ್‌ಟರ್ನಲ್ ಡ್ಯೂಟಿ, ಅಲ್ಲೀವರೆಗೂ ನೆನಪು ಮಾಡ್ಬೇಡ ಅಂದ್ರು. ಕಾಲೇಜ್ ಐಡಿನೇ ಕೊಡು ಅಂದ್ರು. ಡಿಸೆಂಬರ್ 1ರದ್ದಕ್ಕೆ ಮ್ಯಾನೇಜರ್ ಒಪ್ಕೊಂಡಿದಾರೆ, ಆದ್ರೆ ಅಕಾಡೆಮಿಕ್ ಲೆಟರ್ ಇಬ್ರದ್ದೇ ಆಗುತ್ತೆ, ಅದು ನಡೆಯುತ್ತಾ ಗೊತ್ತಿಲ್ಲ, ಆಫೀಸಿಗೆ ಮೇಲ್ ಹಾಕಿದೀನಿ, ಉತ್ರ ಬಂದಿಲ್ಲ.

ಮೈಸೂರಿಂದ ಮಿಶಿಗನ್
ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜ ಕಣೋ, ಸೋಮವಾರದವರೆಗೆ ಆಫೀಸಲ್ಲಿ ಯಾರೂ ಇರಲ್ಲ. ಅವ್ರ ಪೇಜಲ್ಲಿ ಎರಡು ಅಕಾಡೆಮಿಕ್ ಸಾಕು ಅಂತ ಇದ್ಯಾ ಹುಡುಕು, ಎಷ್ಟೋ ಕಡೆ ಬರ್ದಿರ್ತಾರೆ.

ಧಾರವಾಡ ಪೇಟೆ
ನಂಗೂ ಆ ಆಫೀಸಿಗೆ ಬರೆಯೂ ಎರಡು ಲೈನ್ ಯಾರರ ಬರ್ದು ಕೊಡ್ರಿ ಮಾರಾಯ್ರ, ರಿಟೈರ್ ಆದೋರ್ದು.